ಹತ್ತು ತಿಂಗಳೋ, ಹತ್ತು ವರ್ಷವೋ: ಒಂದು ಪತ್ರವನ್ನು ಎರಡು ಸಲ ಬರೆದ ಕಥೆ

"ಮೂವತ್ತೈದು ವರ್ಷ ಮೇಷ್ಟ್ರಾಗಿದ್ದೆ ಕಣಮ್ಮ. ನನಗೇ ಸಮಜಾಯಿಷಿ ಕೇಳ್ತೀರಾ?"

ಫೋನಿನಲ್ಲಿ ಅವರ ದನಿ ನಡುಗುತ್ತಿತ್ತು. ಸ್ಟೆಂಟ್ ಹಾಕಿಸಿಕೊಂಡು ಆರು ವಾರ ಆಗಿತ್ತು ಅಷ್ಟೇ. ನಾನು ಆರೋಗ್ಯ ವಿಮೆಯ ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಅವರಿಗೆ ಹೋಗಿದ್ದ ಪತ್ರದ ಕೆಳಗೆ ನನ್ನದೇ ಸಹಿ ಇತ್ತು. ಕಚೇರಿಯಲ್ಲಿದ್ದ ಹಳೆಯ ನಮೂನೆ ತೆಗೆದುಕೊಂಡು, ಖಾಲಿ ಜಾಗ ತುಂಬಿ ಕಳಿಸಿದ್ದೆ. ಓದಿ ನೋಡಿರಲಿಲ್ಲ.

ಫೋನ್ ಇಟ್ಟ ಮೇಲೆ ಓದಿದೆ. "ತಮಗೆ 10 ತಿಂಗಳಿನಿಂದ ಬಿಪಿ ಇದೆಯೆಂದು ಹೇಳಿಕೊಂಡಿದ್ದೀರಿ. ಆದರೆ ವಾಸ್ತವವಾಗಿ 10 ವರ್ಷಗಳಿಂದ ಇರುವುದು ನಮ್ಮ ಗಮನಕ್ಕೆ ಬಂದಿದೆ. ಈ ಬಗ್ಗೆ 7 ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು."

ಇದರಲ್ಲಿ ಸುಳ್ಳು, ಮೋಸ ಅನ್ನೋ ಪದ ಎಲ್ಲೂ ಇಲ್ಲ. ಆದರೂ ಪತ್ರದ ತುಂಬ ಅದೇ ಇದೆ. "ಹೇಳಿದ್ದೀರಿ" ಅಂದರೆ ಒಂದು, "ಹೇಳಿಕೊಂಡಿದ್ದೀರಿ" ಅಂದರೆ ಇನ್ನೊಂದು. "ವಾಸ್ತವವಾಗಿ" ಅಂತ ಬರೆದ ಕೂಡಲೇ ಆಸ್ಪತ್ರೆಯ ಕಾಗದ ನಿಜ, ಇವರ ಮಾತು ಸುಳ್ಳು ಅಂತ ನಾನೇ ತೀರ್ಪು ಕೊಟ್ಟ ಹಾಗಾಯಿತು. ಇನ್ನು ಸಮಜಾಯಿಷಿ! ಅದನ್ನು ತಪ್ಪು ಮಾಡಿದ ನೌಕರರಿಂದ ಕೇಳುತ್ತಾರೆ. ಸರ್ಕಾರಿ ಕೆಲಸದಲ್ಲಿದ್ದವರಿಗೆ ಆ ಪದದ ತೂಕ ಚೆನ್ನಾಗಿ ಗೊತ್ತಿರುತ್ತದೆ.

ಫೈಲು ಮತ್ತೆ ಬಿಚ್ಚಿದೆ. ಕ್ಲೇಮ್ ಫಾರ್ಮ್‌ನಲ್ಲಿ ಎರಡು ಭಾಗ ಇರುತ್ತದೆ. ಭಾಗ ಎ ಪಾಲಿಸಿದಾರರು ತುಂಬುವುದು, ಭಾಗ ಬಿ ಆಸ್ಪತ್ರೆಯವರು ತುಂಬುವುದು. ಇಬ್ಬರು ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಕಾಗದ ನೋಡಿಕೊಂಡು ಬರೆಯುತ್ತಾರೆ. ತಾಳೆ ಆಗದಿರುವುದು ದೊಡ್ಡ ವಿಷಯವೇ ಅಲ್ಲ. ಇಲ್ಲಿ ಮೂರು ವ್ಯತ್ಯಾಸ ಇತ್ತು.

ಮೊದಲನೆಯದು ದಾಖಲಾದ ತಾರೀಖು. ಮೇಷ್ಟ್ರು 11 ಅಂತ ಬರೆದಿದ್ದರು, ಆಸ್ಪತ್ರೆ 12 ಅಂತ ಬರೆದಿತ್ತು. ಫೈಲಿನಲ್ಲೇ ಎಮರ್ಜೆನ್ಸಿಯ ಚೀಟಿ ಇತ್ತು, ಅದರಲ್ಲಿ ರಾತ್ರಿ 11.40 ಅಂತ ಸಮಯ. ವಾರ್ಡಿಗೆ ಹಾಕಿದ್ದು ಹನ್ನೆರಡು ದಾಟಿದ ಮೇಲೆ. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು, ಅವರನ್ನು ಕೇಳುವ ಅಗತ್ಯವೇ ಇಲ್ಲ. ಮೊದಲ ಪತ್ರದಲ್ಲಿ ಅದನ್ನೂ ಕೇಳಿದ್ದೆ ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಎರಡನೆಯದು ಮೊತ್ತ. ಫಾರ್ಮ್‌ನಲ್ಲಿ 1,86,540 ರೂಪಾಯಿ. ಬಿಲ್ಲುಗಳನ್ನು ಕೂಡಿದರೆ 1,68,540. ವ್ಯತ್ಯಾಸ 18,000. ಲೆಕ್ಕ ಬರೆಯುವವರಿಗೆ ಗೊತ್ತಿರುವ ಹಳೆಯ ಉಪಾಯ ಒಂದಿದೆ: ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. 18,000 ಭಾಗವಾಗುತ್ತದೆ. 68 ಹೋಗಿ 86 ಆಗಿರಬಹುದು. ಆದರೆ ನಿಜವಾಗಿಯೂ 18,000ದ ಬಿಲ್ಲೊಂದು ಮನೆಯಲ್ಲೇ ಉಳಿದಿರಲೂಬಹುದು. ಹಾಗಾಗಿ ಕೇಳಲೇಬೇಕು.

ಮೂರನೆಯದೇ ಗಟ್ಟಿ ವಿಷಯ. ಪಾಲಿಸಿಗೆ ಆಗ 26 ತಿಂಗಳು. ಮೊದಲೇ ಇದ್ದ ಕಾಯಿಲೆಗಳ ಖರ್ಚು ಸಿಗಬೇಕಾದರೆ ಅದರಲ್ಲಿ 36 ತಿಂಗಳು ಕಾಯಬೇಕು. ಬಿಪಿ ಶುರುವಾಗಿ 10 ತಿಂಗಳಾಗಿದ್ದರೆ ಅದು ಪಾಲಿಸಿ ತೆಗೆದುಕೊಂಡ ಮೇಲೆ ಬಂದದ್ದು. 10 ವರ್ಷವಾಗಿದ್ದರೆ ಪಾಲಿಸಿ ಕೊಳ್ಳುವಾಗ ತುಂಬಿದ ಪ್ರಸ್ತಾವನೆ ಫಾರ್ಮ್‌ನಲ್ಲಿ ಯಾಕೆ ಬರೆಯಲಿಲ್ಲ ಅನ್ನೋ ಪ್ರಶ್ನೆ ಏಳುತ್ತದೆ. ಡಿಸ್ಚಾರ್ಜ್ ಸಮರಿಯಲ್ಲಿ ಟೈಪ್ ಆಗಿದ್ದದ್ದು 10 ವರ್ಷ.

ಎರಡನೇ ಪತ್ರವನ್ನು ನಾನೇ ಕೂತು ಬರೆದೆ. ಬೇಕಾದ ಭಾಗ ಇಷ್ಟು:

"ನಮಸ್ಕಾರ ಸರ್. ಹಿಂದಿನ ಪತ್ರದ ಭಾಷೆಯಿಂದ ನಿಮಗೆ ಬೇಸರವಾಗಿದ್ದಕ್ಕೆ ವಿಷಾದಿಸುತ್ತೇವೆ. ಅದರ ಬದಲು ಈ ಪತ್ರವನ್ನು ಗಮನಿಸಬೇಕಾಗಿ ಕೋರಿಕೆ. ನಿಮ್ಮ ಫೈಲಿನ ಕಾಗದಗಳಲ್ಲಿ ಎರಡು ಕಡೆ ವಿವರ ಹೊಂದಿಕೆಯಾಗುತ್ತಿಲ್ಲ.

ಒಂದು, ಕ್ಲೇಮ್ ಫಾರ್ಮ್‌ನಲ್ಲಿ ಮೊತ್ತ 1,86,540 ರೂ. ಎಂದಿದೆ. ನಮಗೆ ತಲುಪಿದ ಬಿಲ್ಲುಗಳ ಮೊತ್ತ 1,68,540 ರೂ. ಬೇರೆ ಬಿಲ್ಲು ಉಳಿದಿದ್ದರೆ ಕಳಿಸಿ. ಇಲ್ಲದಿದ್ದರೆ ಯಾವ ಮೊತ್ತ ಸರಿ ಎಂದು ತಿಳಿಸಿ.

ಎರಡು, ರಕ್ತದೊತ್ತಡದ ಅವಧಿ ಕ್ಲೇಮ್ ಫಾರ್ಮ್‌ನಲ್ಲಿ 10 ತಿಂಗಳು ಎಂದೂ ಡಿಸ್ಚಾರ್ಜ್ ಸಮರಿಯಲ್ಲಿ 10 ವರ್ಷ ಎಂದೂ ಇದೆ. ಪಾಲಿಸಿಯ ಕಾಯುವ ಅವಧಿಯ ಷರತ್ತಿಗೆ ಈ ವಿವರ ಬೇಕಾಗಿದೆ. ಬಿಪಿಗೆ ಮೊದಲು ತೋರಿಸಿದ ವೈದ್ಯರ ಚೀಟಿ ನಿಮ್ಮಲ್ಲಿದ್ದರೆ ಅದರ ಪ್ರತಿ ಕಳಿಸಿ. ಆಸ್ಪತ್ರೆಯ ಕೇಸ್ ಶೀಟನ್ನು ನಾವೇ ತರಿಸಿಕೊಳ್ಳುತ್ತೇವೆ.

ಈ ಪತ್ರದಿಂದ ಕ್ಲೇಮ್ ಒಪ್ಪಿದೆವು ಎಂದಾಗಲಿ, ನಿರಾಕರಿಸಿದೆವು ಎಂದಾಗಲಿ ಅರ್ಥವಲ್ಲ."

ಇಲ್ಲಿ "ನೀವು ಹೀಗೆ ಬರೆದಿದ್ದೀರಿ" ಅನ್ನುವ ವಾಕ್ಯ ಒಂದೂ ಇಲ್ಲ. ಫಾರ್ಮ್‌ನಲ್ಲಿ ಹೀಗಿದೆ, ಸಮರಿಯಲ್ಲಿ ಹಾಗಿದೆ, ಅಷ್ಟೇ. ಎರಡನ್ನೂ ಸಮ ಸಮವಾಗಿ ಇಟ್ಟಿದ್ದೇನೆ. ನಡುವೆ "ಆದರೆ" ಕೂಡ ಇಲ್ಲ. ಆ ಪದ ಬಂದರೆ ಎರಡನೆಯದೇ ನಿಜ ಅನ್ನಿಸಿಬಿಡುತ್ತದೆ.

ಕೊನೆಯ ಸಾಲಿನ ಬಗ್ಗೆ ನಮ್ಮ ಕಾನೂನು ವಿಭಾಗದವರ ಜೊತೆ ಸ್ವಲ್ಪ ಜಗ್ಗಾಟ ನಡೆಯಿತು. ಅವರಿಗೆ "ಕಂಪನಿಯ ಹಕ್ಕುಗಳಿಗೆ ಬಾಧಕವಿಲ್ಲದಂತೆ" ಅಂತಲೇ ಬೇಕಿತ್ತು. ಓದುವವರಿಗೆ ಅದು ವಕೀಲರ ನೋಟಿಸ್ ಅನ್ನಿಸುತ್ತದೆ ಅಂದೆ. ಉದ್ದೇಶ ಒಂದೇ ಅಲ್ವಾ ಅಂತ ಕೊನೆಗೆ ಒಪ್ಪಿದರು.

ಬಿಪಿಯ ಪ್ರಶ್ನೆಯಲ್ಲಿ ಇನ್ನೊಂದು ಎಚ್ಚರ ಬೇಕಿತ್ತು. "ತಿಂಗಳು ಅಂತ ಇರಬೇಕಾದ ಕಡೆ ವರ್ಷ ಅಂತ ಟೈಪ್ ಆಗಿದೆಯೇ?" ಅಂತ ಕೇಳಬಹುದಿತ್ತು. ಮರ್ಯಾದೆಯ ಮಾತೇನೋ ಹೌದು, ಆದರೆ ಉತ್ತರವನ್ನು ನಾನೇ ಬಾಯಿಗೆ ಇಟ್ಟ ಹಾಗೆ. ಆಮೇಲೆ ಆಸ್ಪತ್ರೆಯಿಂದ "ಟೈಪಿಂಗ್ ದೋಷ" ಅಂತ ಒಂದು ಸಾಲಿನ ತಿದ್ದುಪಡಿ ಪತ್ರ ಬರುತ್ತದೆ. ನಾವು ಕೇಳಿದ ಮೇಲೆ ಹುಟ್ಟಿದ ಕಾಗದಕ್ಕೆ ಬೆಲೆ ಕಡಿಮೆ. ಕ್ಲೇಮ್‌ನ ಯೋಚನೆಯೇ ಇಲ್ಲದಿದ್ದಾಗ ಬರೆದ ಕಾಗದ ಬೇಕು. ಅದಕ್ಕೇ ಹಳೆಯ ಚೀಟಿ, ಅದಕ್ಕೇ ಕೇಸ್ ಶೀಟು.

ಎರಡೂ ಪ್ರಶ್ನೆ ಒಂದೇ ಪತ್ರದಲ್ಲಿ ಹೋಗಿದ್ದು ಸುಮ್ನೆ ಅಲ್ಲ. ಬೇಕಾದ್ದನ್ನು ಸಾಧ್ಯವಾದಷ್ಟೂ ಒಂದೇ ಸಲ ಕೇಳಬೇಕು, ಕಂತಿನಲ್ಲಿ ಕೇಳಬಾರದು. ಇವತ್ತೊಂದು ನಾಳೆಯೊಂದು ಕೇಳಿದರೆ, ಎಷ್ಟೇ ನಯವಾಗಿ ಬರೆದರೂ, ಇವರು ಏನೋ ಹುಡುಕುತ್ತಿದ್ದಾರೆ ಅಂತಲೇ ಅನ್ನಿಸುತ್ತದೆ.

ಹನ್ನೊಂದು ದಿನಕ್ಕೆ ಮೇಷ್ಟ್ರ ಉತ್ತರ ಬಂತು, ದುಂಡನೆಯ ಕೈಬರಹದಲ್ಲಿ. ಮೊತ್ತ 1,68,540ವೇ ಸರಿ, ಬರೆಯುವಾಗ ಅಂಕಿ ಹಿಂದುಮುಂದಾಗಿದೆ ಅಂತ. ಜೊತೆಗೆ ಊರಿನ ಡಾಕ್ಟರು ಬಿಪಿ ಮಾತ್ರೆ ಮೊದಲು ಬರೆದುಕೊಟ್ಟ ಚೀಟಿ. ಆಪರೇಷನ್ನಿಗೆ ಹತ್ತು ತಿಂಗಳು ಹಿಂದಿನ ತಾರೀಖು. ಕೇಸ್ ಶೀಟಿನಲ್ಲಿ ಎಮರ್ಜೆನ್ಸಿ ಡಾಕ್ಟರು ಕೈಯಲ್ಲಿ ಬರೆದದ್ದು 10, ಪಕ್ಕದಲ್ಲಿ ಇಂಗ್ಲಿಷಿನ ಎಮ್ ಅಕ್ಷರ. ಮಾಹಿತಿ ಕೊಟ್ಟವರು ಜೊತೆಗೆ ಬಂದಿದ್ದ ಅಳಿಯ. ಟೈಪ್ ಮಾಡುವಾಗ ಅದೇ ವರ್ಷವಾಗಿತ್ತು. ಗ್ಲೌಸ್‌ನಂಥ ಕೆಲವು ಸಾಮಾನಿನ ದುಡ್ಡು ಕಳೆದು ಉಳಿದದ್ದು ಪಾಸಾಯಿತು.

ಎಲ್ಲ ಫೈಲೂ ಹೀಗೆ ಮುಗಿಯುವುದಿಲ್ಲ. ಕೆಲವು ತಿಂಗಳ ನಂತರ ಹೆಚ್ಚುಕಡಿಮೆ ಇದೇ ಪತ್ರ ಇನ್ನೊಬ್ಬರಿಗೆ ಹೋಯಿತು. ವ್ಯತ್ಯಾಸ ಸಕ್ಕರೆ ಕಾಯಿಲೆಯ ಅವಧಿಯದು. ಅವರು ತಾವೇ ಕಳಿಸಿದ ಹಳೆಯ ಚೀಟಿಯಲ್ಲಿ ಪಾಲಿಸಿಗಿಂತ ಆರು ವರ್ಷ ಹಿಂದಿನ ತಾರೀಖಿತ್ತು. ಫೈಲು ಕ್ಲೇಮ್ ಪರಿಶೀಲನಾ ಸಮಿತಿಗೆ ಹೋಗಿ, ಕಾರಣ ಮತ್ತು ಷರತ್ತಿನ ಸಂಖ್ಯೆ ಬರೆದು ನಿರಾಕರಣೆಯಾಯಿತು. ಅವರೂ ಫೋನ್ ಮಾಡಿದರು. ಏಜೆಂಟ್ ಫಾರ್ಮ್ ತುಂಬುವಾಗ ಕೇಳಲೇ ಇಲ್ಲ ಮೇಡಂ ಅಂದರು. ವಿಮೆಯ ದೂರು ಕೇಳುವ ಒಂಬುಡ್ಸ್‌ಮನ್ ಹತ್ತಿರ ಹೋಗುವುದು ಹೇಗೆ ಅಂತ ಕೇಳಿದರು. ಮೊದಲು ನಮ್ಮ ದೂರು ವಿಭಾಗಕ್ಕೆ ಬರೆಯಿರಿ ಅಂತ ವಿಳಾಸ ಕೊಟ್ಟೆ, ಅಲ್ಲಿಂದ ಮುಂದಿನ ದಾರಿಯನ್ನೂ ಹೇಳಿದೆ.