ರಾತ್ರಿ ಸೀನ್ ಬರೆಯೋದು ಹೇಗೆ: ಬೆಳಕು ಎಲ್ಲಿಂದ ಅಂತ ಸ್ಕ್ರಿಪ್ಟಲ್ಲೇ ಹೇಳಿ

"ಹೊರಗೆ. ರಸ್ತೆ. ರಾತ್ರಿ." ಅಂತ ಬರೆಯೋಕೆ ಮೂರು ಸೆಕೆಂಡು ಸಾಕು, ಅದನ್ನ ಶೂಟ್ ಮಾಡೋಕೆ ನಿಂತಾಗ್ಲೇ ಗೊತ್ತಾಗೋದು ಬರೆದಿದ್ದು ಎಷ್ಟು ಕಮ್ಮಿ ಅಂತ. ದೊಡ್ಡ ಯೂನಿಟ್ ಇದ್ರೆ ಪರ್ವಾಗಿಲ್ಲ, ಲೈಟು ತಂದು ಎತ್ತರಕ್ಕೆ ಏರಿಸ್ತಾರೆ. ನಮ್ಮ ಹತ್ರ ಇರೋದು ಒಂದು ಕ್ಯಾಮೆರಾ, 50 ಎಂಎಂ ಎಫ್ 1.8 ಲೆನ್ಸ್, ಅಂಗೈಯಗಲದ ಎಲ್‌ಇಡಿ ಪ್ಯಾನೆಲ್ಲು, ಒಂದು ಥರ್ಮಾಕೋಲ್ ಶೀಟು, ಇಷ್ಟೇ ಅಂದ್ರೆ ಬೆಳಕನ್ನ ಕಥೆಯೊಳಗಿಂದಲೇ ತೆಗೀಬೇಕು, ಅಂದ್ರೆ ಬರೆಯುವಾಗ್ಲೇ ಬರೀಬೇಕು.

ಒಂದು ಸೀನ್ ತಗೊಳ್ಳೋಣ. ಮೊದಲ ಡ್ರಾಫ್ಟ್ ಹೀಗಿತ್ತು:

"ಕತ್ತಲು. ಅಣ್ಣ ಕೆಟ್ಟು ನಿಂತ ಬೈಕ್ ರಿಪೇರಿ ಮಾಡ್ತಿದ್ದಾನೆ. ತಂಗಿ ಸ್ಕೂಟರಲ್ಲಿ ಬರ್ತಾಳೆ. ಇಬ್ಬರೂ ನಡೀತಾ ಮಾತಾಡ್ತಾರೆ."

ಓದೋಕೆ ಚೆನ್ನಾಗೇ ಇದೆ. ಆದ್ರೆ ಅಣ್ಣನ ಮುಖ ಯಾವ ಬೆಳಕಲ್ಲಿ ಕಾಣ್ಬೇಕು ಅನ್ನೋದಕ್ಕೆ ಇದ್ರಲ್ಲಿ ಉತ್ತರ ಇಲ್ಲ.

ಮೊದಲ ಕೆಲಸ, ಶೂಟ್ ಮಾಡೋ ಹೊತ್ತಲ್ಲೇ ಆ ಜಾಗಕ್ಕೆ ಹೋಗಿ ಬೀದಿದೀಪದ ಕೆಳಗೆ ಯಾರನ್ನಾದ್ರೂ ನಿಲ್ಲಿಸಿ ನೋಡಿ. ನೆತ್ತಿ ಮೇಲಿಂದ ಬೆಳಕು ಬಿದ್ರೆ ಹಣೆ ಮೂಗು ಹೊಳೆಯತ್ತೆ, ಕಣ್ಣು ಎರಡು ಕಪ್ಪು ಗುಂಡಿ ಆಗಿಬಿಡತ್ತೆ. ಈಗ ಅವರನ್ನ ಕಂಬದಿಂದ ನಾಲ್ಕೈದು ಮೀಟರ್ ಮುಂದಕ್ಕೆ ಕರ್ಕೊಂಡು ಬನ್ನಿ, ದೀಪ ಬೆನ್ನ ಹಿಂದೆ ಬರ್ಲಿ. ಕೂದ್ಲು, ಭುಜದ ಅಂಚಲ್ಲಿ ತೆಳ್ಳಗೆ ಒಂದು ಗೆರೆ ಬೆಳಕು ಹತ್ತತ್ತೆ, ಮನುಷ್ಯ ಕತ್ತಲಿಂದ ಬೇರೆಯಾಗಿ ನಿಲ್ತಾನೆ. ಪುಕ್ಕಟೆ ಬ್ಯಾಕ್ ಲೈಟು. ಅದಕ್ಕೇ ಸ್ಕ್ರಿಪ್ಟಲ್ಲಿ "ಬೀದಿದೀಪದ ಕೆಳಗೆ" ಅನ್ನೋದು ಬೇಡ, "ಬೀದಿದೀಪ ದಾಟಿ, ಅದಕ್ಕೆ ಬೆನ್ನು ಹಾಕಿ" ಅಂತ ಬರೀಬೇಕು. ಬಟ್ಟೆನೂ ಅಲ್ಲೇ ಬರೆದುಬಿಡಿ, ಕಪ್ಪು ಶರ್ಟ್ ಹಾಕಿದ್ರೆ ಬರೀ ತಲೆ ತೇಲ್ತಾ ಇರೋ ಹಾಗೆ ಕಾಣತ್ತೆ. ಹಳದಿ ಸೋಡಿಯಂ ದೀಪ ಆಗಿದ್ರೆ ಬಟ್ಟೆ ಬಣ್ಣದ ಆಸೆಯನ್ನೇ ಬಿಡಿ, ಆ ಬೆಳಕಲ್ಲಿ ಬೇರೆ ಬಣ್ಣಗಳು ಹೆಚ್ಚುಕಮ್ಮಿ ಇರೋದೇ ಇಲ್ಲ, ಎಡಿಟಲ್ಲಿ ಎಷ್ಟು ತಿಣುಕಿದ್ರೂ ವಾಪಸ್ ಬರಲ್ಲ.

ಇನ್ನು ಮುಖ. ಅಣ್ಣನ ಹತ್ರ ಮೊಬೈಲ್ ಇದೆಯಲ್ಲ, ಟಾರ್ಚ್ ಹಚ್ಚಿ ಎಂಜಿನ್ ಕಡೆ ತಿರುಗಿಸಿ ಇಟ್ಟಿದ್ದಾನೆ ಅಂತ ಬರೀರಿ. ಟಾರ್ಚನ್ನೇ ಮುಖಕ್ಕೆ ಬಿಟ್ರೆ ಸುಣ್ಣ ಬಳಿದ ಹಾಗೆ ಆಗತ್ತೆ, ಅದಕ್ಕೆ ಫ್ರೇಮಿನ ಕೆಳಗೆ ಥರ್ಮಾಕೋಲ್ ಇಟ್ಟು ಎಲ್‌ಇಡಿ ಪ್ಯಾನೆಲ್ಲನ್ನ ಅದಕ್ಕೆ ಹೊಡೆದು, ಅಲ್ಲಿಂದ ಮೆತ್ತಗಾಗಿ ಬರೋ ಬೆಳಕನ್ನ ಮುಖಕ್ಕೆ ತಗೊಳ್ಳೋದು. ನೋಡೋರಿಗೆ ಟಾರ್ಚ್ ಕಾಣ್ತಿದೆ, ಮುಖದ ಬೆಳಕು ಅದರದ್ದೇ ಅಂದ್ಕೋತಾರೆ. ಪ್ಯಾನೆಲ್ ಬಣ್ಣ ಟಾರ್ಚಿಗೆ ಹೊಂದ್ಬೇಕು, ಮೊಬೈಲ್ ಟಾರ್ಚ್ ಸಾಮಾನ್ಯವಾಗಿ ಬಿಳಿ, ಒಂಚೂರು ನೀಲಿ ಕಡೆ ಇರತ್ತೆ. ಥರ್ಮಾಕೋಲ್ ಆದಷ್ಟು ಹತ್ರ ಇರ್ಲಿ, ಚಿಕ್ಕ ಲೈಟನ್ನ ಒಂದು ಮೀಟರಿಂದ ಎರಡು ಮೀಟರಿಗೆ ಸರಿಸಿದ್ರೆ ಬೆಳಕು ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯತ್ತೆ.

ತಂಗಿಯ ಸ್ಕೂಟರ್ ವಿಷಯಕ್ಕೆ ಬಂದ್ರೆ ಅಲ್ಲಿ ಬೆಳಕೂ ಇದೆ, ತಲೆನೋವೂ ಇದೆ. ಹೆಡ್‌ಲೈಟ್ ತಿರುವಲ್ಲಿ ಬಂದು ಅಣ್ಣನ ಮುಖದ ಮೇಲೆ ಹಾದು ಹೋಗೋದು ಭಾರಿ ಚೆಂದ. ಆದ್ರೆ ಲೈಟು ಉರೀಬೇಕು ಅಂದ್ರೆ ಎಷ್ಟೋ ಗಾಡಿಗಳಲ್ಲಿ ಎಂಜಿನ್ ಓಡ್ತಿರ್ಬೇಕು, ಎಂಜಿನ್ ಓಡಿದ್ರೆ ಡೈಲಾಗ್ ಕೇಳಲ್ಲ, ಹಳೇ ಗಾಡಿ ಆದ್ರೆ ಆಕ್ಸಲರೇಟರ್ ಬಿಟ್ಟ ಕೂಡ್ಲೇ ಲೈಟು ಮಂಕಾಗತ್ತೆ. ಇದನ್ನ ಸೆಟ್ಟಲ್ಲಿ ಒದ್ದಾಡೋ ಬದ್ಲು ಬರವಣಿಗೆಯಲ್ಲೇ ಮುಗಿಸಿ: ಅವಳು ಬಂದು ಎಂಜಿನ್ ಆಫ್ ಮಾಡ್ತಾಳೆ, ಹೆಡ್‌ಲೈಟ್ ಆರತ್ತೆ, ಒಂದು ಕ್ಷಣ ಕತ್ತಲು, ಆಮೇಲೆ ಮೊದಲ ಮಾತು.

ನಡೀತಾ ಮಾತಾಡೋದನ್ನ ಮಾತ್ರ ಹೊಡೆದು ಹಾಕಿ. ಲೆನ್ಸನ್ನ ಎಫ್ 1.8ಕ್ಕೆ ಪೂರ್ತಿ ತೆರೆದಾಗ ಎರಡು ಮೀಟರ್ ದೂರದಲ್ಲಿ ಫೋಕಸ್ ಇರೋ ಜಾಗ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಸುಮಾರು 17 ಸೆಂಟಿಮೀಟರ್, ಒಂದು ಗೇಣೂ ಇಲ್ಲ. ನಡೆಯೋ ಮನುಷ್ಯ ಒಂದೇ ಹೆಜ್ಜೆಗೆ ಅದನ್ನ ದಾಟಿಬಿಡ್ತಾನೆ. ಕೂತು ಮಾತಾಡ್ಲಿ.

ಎಲ್ಲಾ ಸೇರಿಸಿ ಬರೆದ್ರೆ ಹೀಗಾಗತ್ತೆ:

"ಹೊರಗೆ. ರಸ್ತೆ. ರಾತ್ರಿ.
ಒಂದೇ ಬೀದಿದೀಪ. ಅದನ್ನ ದಾಟಿ ಸ್ವಲ್ಪ ಮುಂದೆ, ದೀಪಕ್ಕೆ ಬೆನ್ನು ಹಾಕಿ ಬೈಕ್ ಪಕ್ಕ ಕುಕ್ಕರಗಾಲಲ್ಲಿ ಅಣ್ಣ, ತಿಳಿ ಬಣ್ಣದ ಶರ್ಟು. ಫುಟ್‌ರೆಸ್ಟ್ ಮೇಲೆ ಮೊಬೈಲ್, ಟಾರ್ಚ್ ಎಂಜಿನ್ ಕಡೆ.
ಹೆಡ್‌ಲೈಟ್ ಬೆಳಕು ಅವನ ಮುಖದ ಮೇಲೆ ಹಾದು ನಿಲ್ಲತ್ತೆ. ಕಣ್ಣಿಗೆ ಕೈ ಅಡ್ಡ ಹಿಡೀತಾನೆ. ಎಂಜಿನ್ ಆಫ್. ಕತ್ತಲು. ತಂಗಿ ಬಂದು ಪಕ್ಕದಲ್ಲಿ ಕೂತು ಮೊಬೈಲ್ ಎತ್ಕೋತಾಳೆ.
ತಂಗಿ: ಹಿಡ್ಕೊಳ್ಳೋಕೆ ಒಬ್ರು ಬೇಕು ಅಂತ ಫೋನ್ ಮಾಡೋಕಾಗಲ್ವಾ ಅಣ್ಣಾ?
ಅಣ್ಣ: ಚಾರ್ಜ್ ಆರು ಪರ್ಸೆಂಟ್ ಇತ್ತು. ಟಾರ್ಚಿಗೆ ಉಳಿಸ್ದೆ."

ಆ ಆರು ಪರ್ಸೆಂಟ್ ಬೆಳಕಿನ ನೋಟ್ಸ್ ಬರೆಯುವಾಗ್ಲೇ ಹುಟ್ಟಿದ್ದು, ಡೈಲಾಗ್ ಬರೀತಾ ಕೂತಿದ್ರೆ ಬರ್ತಿರ್ಲಿಲ್ಲ.

ನಂಬರ್‌ಗಳನ್ನ ಇದರೊಳಗೆ ತುರುಕಬೇಡಿ. ಬೇರೆಯವರಿಗೆ ಓದೋಕೆ ಕೊಡೋ ಪ್ರತಿಯಲ್ಲಿ ಅವು ಬೇಡವೇ ಬೇಡ, ನಿಮ್ಮ ಶೂಟಿಂಗ್ ಪ್ರತಿಯಲ್ಲಿ ಸೀನಿನ ಕೆಳಗೆ ಒಂದೆರಡು ಸಾಲು ಸಾಕು: "25 ಫ್ರೇಮ್, ಶಟರ್ 1/50, ಎಫ್ 2, ಐಎಸ್‌ಒ 1600ರಿಂದ ಶುರು, ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್, ಆಟೋ ಬೇಡ." ಕರೆಂಟು 50 ಹರ್ಟ್ಸ್ ಇರೋ ಕಡೆ ಶಟರ್ 1/50 ಇಟ್ರೆ ಬೀದಿದೀಪ ಮಿಣುಕೋದು ಸಾಮಾನ್ಯವಾಗಿ ತಪ್ಪತ್ತೆ, 60 ಹರ್ಟ್ಸ್ ಕಡೆ 1/60. ಆದ್ರೂ ಹತ್ತು ಸೆಕೆಂಡು ರೆಕಾರ್ಡ್ ಮಾಡಿ ನೋಡಿ. ಸ್ಕ್ರೀನಲ್ಲಿ ಅಡ್ಡಪಟ್ಟಿ ಹರಿದಾಡಿದ್ರೆ ತೊಂದರೆ ಇದೆ ಅಂತ, ಎಷ್ಟೋ ಸಲ ತಪ್ಪು ಬೀದಿದೀಪದ್ದಲ್ಲ, ಬ್ರೈಟ್‌ನೆಸ್ ತೀರಾ ಇಳಿಸಿಟ್ಟ ನಮ್ಮ ಪ್ಯಾನೆಲ್ಲಿಂದೇ ಇರತ್ತೆ.

ಅದೇ ಸಾಲಲ್ಲಿ "ಹಿಸ್ಟೋಗ್ರಾಂ ನೋಡು, ಸ್ಕ್ರೀನ್ ನಂಬಬೇಡ" ಅಂತಾನೂ ಬರ್ಕೊಳ್ಳಿ. ಹಿಸ್ಟೋಗ್ರಾಂ ಅಂದ್ರೆ ಚಿತ್ರದಲ್ಲಿ ಕತ್ತಲೆಷ್ಟು, ಬೆಳಕೆಷ್ಟು ಅಂತ ಕ್ಯಾಮೆರಾ ತೋರ್ಸೋ ಗ್ರಾಫು. ನಾನು ಒಂದ್ಸಲ ರಾತ್ರಿಯೆಲ್ಲ ಕ್ಯಾಮೆರಾ ಸ್ಕ್ರೀನ್ ನೋಡ್ಕೊಂಡು ಆಹಾ ಎಷ್ಟು ಚೆಂದ ಅಂತ ಶೂಟ್ ಮಾಡಿ ಬೆಳಿಗ್ಗೆ ಕಂಪ್ಯೂಟರಿಗೆ ಹಾಕಿದ್ರೆ ಬರೀ ಕೆಸರು, ಎತ್ತೋಕೆ ಹೋದ್ರೆ ಮುಖದ ತುಂಬಾ ಇರುವೆ ಹರಿದಾಡಿದ ಹಾಗೆ ನಾಯ್ಸ್. ಕತ್ತಲಿಗೆ ಒಗ್ಗಿದ ಕಣ್ಣಿಗೆ ಮಂಕಾದ ಸ್ಕ್ರೀನೂ ಬೆಳ್ಳಗೇ ಕಾಣತ್ತೆ. ಮುಖ ಮಾಮೂಲಿಗಿಂತ ಒಂದು ಸ್ಟಾಪ್ ಕಮ್ಮಿ, ಅಂದ್ರೆ ಅರ್ಧ ಬೆಳಕಲ್ಲಿ ಇದ್ರೆ ರಾತ್ರಿ ಅನ್ಸತ್ತೆ, ಅದಕ್ಕಿಂತ ಕೆಳಗೆ ಹೋಗೋದಾದ್ರೆ ಎಡಿಟಲ್ಲಿ ಇಳಿಸಿ. ಬೀದಿದೀಪದ ಬಲ್ಬು ಪೂರ್ತಿ ಬೆಳ್ಳಗೆ ಸುಟ್ಟು ಹೋಗಲಿ, ಪರ್ವಾಗಿಲ್ಲ.

ರಸ್ತೆ ಪೂರ್ತಿ ಕಾಣೋ ವೈಡ್ ಶಾಟಿಗೆ ನಮ್ಮ ಪ್ಯಾನೆಲ್ಲು ಯಾವ ಮೂಲೆಗೂ ಸಾಲಲ್ಲ. ಅದಕ್ಕೆ ಅದರ ಪಕ್ಕ "ಮುಸ್ಸಂಜೆ, ಮೊದಲು ಇದೇ, ಮಾತಿಲ್ಲ" ಅಂತ ಗುರುತು ಹಾಕಿ. ಸೂರ್ಯ ಮುಳುಗಿದ ಮೇಲೆ ಆಕಾಶ ಕಡುನೀಲಿ ಇರೋ ಹೊತ್ತು ಇಪ್ಪತ್ತು ನಿಮಿಷ ಸಿಕ್ಕಿದ್ರೆ ಹೆಚ್ಚು, ಡೈಲಾಗ್ ಇದ್ರೆ ಟೇಕ್ ಮೇಲೆ ಟೇಕ್ ಹೋಗಿ ಬೆಳಕು ಕೈ ತಪ್ಪತ್ತೆ. ರಸ್ತೆಗೆ ಎರಡು ಬಕೆಟ್ ನೀರು ಹೊಡೆದ್ರೆ ಟಾರು ದೀಪದ ಬೆಳಕನ್ನ ವಾಪಸ್ ಕೊಡತ್ತೆ, ಆಮೇಲಿನ ಶಾಟ್‌ಗಳಲ್ಲೂ ಒದ್ದೆ ಇರ್ಬೇಕು ಅನ್ನೋದನ್ನೂ ಬರ್ದಿಡಿ. ಕ್ಲೋಸಪ್ ಎಲ್ಲಾ ಪೂರ್ತಿ ಕತ್ತಲಾದ ಮೇಲೆ, ಕ್ಯಾಮೆರಾ ಒಂಚೂರು ಮೇಲಿಂದ ಕೆಳಗೆ ನೋಡ್ತಿರ್ಲಿ. ಆಕಾಶ ಫ್ರೇಮಿಗೆ ಬಂದ್ರೆ ಆಗ ನೀಲಿ, ಈಗ ಕಪ್ಪು ಅಂತ ಗೊತ್ತಾಗಿಬಿಡತ್ತೆ.

ಇನ್ನೊಂದು ಸಾಲು ಉಳೀತು. ಅವತ್ತೇ ಬೀದಿದೀಪ ಹತ್ತದೇ ಹೋದ್ರೆ? "ದೀಪ ಇಲ್ಲದಿದ್ರೆ: ಸ್ಕೂಟರ್ ಅಣ್ಣನ ಹಿಂದಿಂದ ಬರತ್ತೆ, ಪ್ಯಾನೆಲ್ಲು ಹೆಡ್‌ಲೈಟ್ ಜಾಗದಲ್ಲಿ, ಮುಖಕ್ಕೆ ಅದೇ ಬೆಳಕು ಥರ್ಮಾಕೋಲಿಂದ ವಾಪಸ್. ಎಂಜಿನ್ ಆಫ್ ಆಗತ್ತೆ, ಹೆಡ್‌ಲೈಟ್ ಮಾತ್ರ ಉರೀತಾನೇ ಇರತ್ತೆ."