ಮೂರನೇ ಕೆಲಸದ ದಿನ ಯಾವುದು? ನಮ್ಮ ಆಫೀಸಿನ ರಿಪೋರ್ಟುಗಳ ಕಥೆ

ಮಂಡ್ಯದಲ್ಲಿ ರಸಗೊಬ್ಬರ, ಕೀಟನಾಶಕದ ಹೋಲ್‌ಸೇಲ್ ವ್ಯಾಪಾರ ಮಾಡುವ ಆಫೀಸೊಂದರಲ್ಲಿ ನಾನು ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಮಂಡ್ಯ ಬಿಟ್ಟರೆ ಮದ್ದೂರು, ಶ್ರೀರಂಗಪಟ್ಟಣ, ಮೈಸೂರು, ಕುಶಾಲನಗರದಲ್ಲಿ ನಮ್ಮ ಮಳಿಗೆಗಳಿವೆ. ತಿಂಗಳು ಮುಗಿದ ಮೇಲೆ ಎಲ್ಲರೂ ಹಳೇ ತಿಂಗಳ ಬಿಲ್ಲುಗಳನ್ನು ಎರಡು ಕೆಲಸದ ದಿನದೊಳಗೆ ಕಂಪ್ಯೂಟರಿಗೆ ಏರಿಸಬೇಕು. ಮೂರನೇ ಕೆಲಸದ ದಿನ ಬೆಳಿಗ್ಗೆ ಬಾಕಿ ಪಟ್ಟಿ ತಾನಾಗಿಯೇ ತಯಾರಾಗಿ ಯಜಮಾನರ ಮೇಲ್‌ಗೆ ಹೋಗಬೇಕು. ಬೇಗ ಹೋದರೆ ಅರ್ಧ ಬಿಲ್ಲುಗಳೇ ಇರುವುದಿಲ್ಲ. ತಡವಾದರೆ ವಸೂಲಿಗೆ ಹೋಗುವ ಹುಡುಗರು ಪಟ್ಟಿ ಇಲ್ಲದೆ ಸುಮ್ನೆ ಕೂತಿರುತ್ತಾರೆ.

ಮೊದಲು ಇದು ಪ್ರತಿ ತಿಂಗಳ 3ನೇ ತಾರೀಕು ಓಡುತ್ತಿತ್ತು. ರಜೆ ಬಂದ ತಿಂಗಳು ಅಕೌಂಟ್ಸ್ ಮೇಡಂ ಫೋನ್ ಬರುತ್ತಿತ್ತು: "ಸಾರ್, ಮದ್ದೂರಿನ ಬಿಲ್ ಇನ್ನೂ ಬಂದೇ ಇಲ್ಲ, ಆಗ್ಲೇ ಬಾಕಿ ಪಟ್ಟಿ ಹೋಗ್ಬಿಟ್ಟಿದೆಯಲ್ಲ!"

ಹೇಳಿದ ಹೊತ್ತಿಗೆ ಸ್ಕ್ರಿಪ್ಟ್ ಓಡಿಸುವ ಕ್ರಾನ್‌ಗೆ ಕೆಲಸದ ದಿನ ಅಂದರೇನು ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತಾರೀಕು ಮತ್ತು ವಾರ ಅಷ್ಟೇ. ಎರಡನ್ನೂ ಸೇರಿಸಿ ಬರೆದರೆ ಸರಿಹೋಗುತ್ತದೆ ಅಂತ ತುಂಬ ಜನ ಹೀಗೆ ಬರೆಯುತ್ತಾರೆ:

```
30 6 1-7 * 1-6 /opt/reports/baaki.sh
```

ನೋಡಿದರೆ "1ರಿಂದ 7ನೇ ತಾರೀಕಿನೊಳಗೆ, ಸೋಮವಾರದಿಂದ ಶನಿವಾರ" ಅನ್ನಿಸುತ್ತದೆ ಅಲ್ವಾ? ಹಾಗಲ್ಲ. ತಾರೀಕು, ವಾರ ಎರಡೂ ಕೊಟ್ಟರೆ ಯಾವುದಾದರೂ ಒಂದು ಹೊಂದಿದರೂ ಕ್ರಾನ್ ಕೆಲಸ ಶುರು ಮಾಡುತ್ತದೆ. ಮೇಲಿನ ಸಾಲು ತಿಂಗಳ ಮೊದಲ ಏಳು ದಿನ ಭಾನುವಾರವೂ ಸೇರಿ ಓಡುತ್ತದೆ, ಆಮೇಲೆ ತಿಂಗಳಿಡೀ ಭಾನುವಾರ ಬಿಟ್ಟು ದಿನಾ ಓಡುತ್ತದೆ. ಅದಕ್ಕೇ ನಾನು ಕ್ರಾನ್‌ಗೆ ಬುದ್ಧಿ ಹೇಳುವ ಗೋಜಿಗೇ ಹೋಗಲಿಲ್ಲ. ದಿನಾ ಬೆಳಿಗ್ಗೆ 6:30ಕ್ಕೆ ಸ್ಕ್ರಿಪ್ಟನ್ನು ಎಬ್ಬಿಸುವುದಷ್ಟೇ ಅದರ ಕೆಲಸ. ಇವತ್ತು ಓಡಬೇಕೋ ಬೇಡವೋ ಅನ್ನುವುದನ್ನು ಸ್ಕ್ರಿಪ್ಟೇ ರಜೆ ಪಟ್ಟಿ ನೋಡಿ ತೀರ್ಮಾನಿಸುತ್ತದೆ.

ಲೆಕ್ಕ ಎಲ್ಲಿ ತಪ್ಪುತ್ತದೆ ಅಂತ ನೋಡಲು 2025ರ ಅಕ್ಟೋಬರ್ ಒಳ್ಳೆ ಉದಾಹರಣೆ. 1ನೇ ತಾರೀಕು ಬುಧವಾರ ಆಯುಧಪೂಜೆ. 2 ಗುರುವಾರ ಗಾಂಧಿ ಜಯಂತಿ, ಅವತ್ತೇ ವಿಜಯದಶಮಿ. 3 ಶುಕ್ರವಾರ ಕೆಲಸ ಇದೆ. 4 ತಿಂಗಳ ಮೊದಲ ಶನಿವಾರ, ಕೆಲಸ ಇದೆ. 5 ಭಾನುವಾರ. 6 ಸೋಮವಾರ ಕೆಲಸ. 7 ಮಂಗಳವಾರ ವಾಲ್ಮೀಕಿ ಜಯಂತಿ, ಮತ್ತೆ ರಜೆ. ಹಾಗಾಗಿ 3, 4, 6 ಎಣಿಸಿದರೆ ಮೂರನೇ ಕೆಲಸದ ದಿನ ಅಕ್ಟೋಬರ್ 6.

ಇದನ್ನೇ ಎಕ್ಸೆಲ್‌ನ `WORKDAY` ಸೂತ್ರಕ್ಕೆ ಕೊಟ್ಟು ನೋಡಿ. ಸೆಪ್ಟೆಂಬರ್ 30ರಿಂದ ಮೂರು ದಿನ ಮುಂದೆ, ರಜೆ ಪಟ್ಟಿಯನ್ನೂ ಸರಿಯಾಗಿ ಕೊಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಉತ್ತರ ಅಕ್ಟೋಬರ್ 8 ಬರುತ್ತದೆ. ಯಾಕೆಂದರೆ ಅದರ ಲೆಕ್ಕದಲ್ಲಿ ಎಲ್ಲಾ ಶನಿವಾರವೂ ರಜೆ. 4ನೇ ತಾರೀಕನ್ನು ಬಿಟ್ಟು, 3, 6 ಆದ ಮೇಲೆ 7ನೇ ತಾರೀಕಿನ ರಜೆಯನ್ನೂ ಹಾರಿ, ಬುಧವಾರಕ್ಕೆ ಹೋಗಿ ನಿಲ್ಲುತ್ತದೆ. ಒಂದು ಶನಿವಾರಕ್ಕೆ ಎರಡು ದಿನ ತಡ. ಇದಕ್ಕೆ ಮದ್ದು ಇದು:

```
=WORKDAY.INTL(A1,3,11,Holidays)
```

ಇಲ್ಲಿ 11 ಅಂದರೆ ವಾರದ ರಜೆ ಭಾನುವಾರ ಮಾತ್ರ. ಎರಡನೇ, ನಾಲ್ಕನೇ ಶನಿವಾರಗಳನ್ನು `Holidays` ಪಟ್ಟಿಯಲ್ಲೇ ಸೇರಿಸಿಡಬೇಕು. ಹೊರದೇಶದವರು ಬರೆದ ಬಹಳಷ್ಟು ಲೈಬ್ರರಿಗಳಲ್ಲೂ ಇದೇ ಕಥೆ. ಶನಿವಾರ ಅವರಿಗೆ ಇದೆ ಅಥವಾ ಇಲ್ಲ, ನಮ್ಮ ಹಾಗೆ ಒಂದು ವಾರ ಬಿಟ್ಟು ಒಂದು ವಾರ ಅಲ್ಲ. 2015ರ ಸೆಪ್ಟೆಂಬರ್‌ನಿಂದ ಬ್ಯಾಂಕುಗಳಿಗೆ ಎರಡನೇ, ನಾಲ್ಕನೇ ಶನಿವಾರ ರಜೆ ಆಯಿತು. ನಮ್ಮ ಆಫೀಸೂ ಅದನ್ನೇ ಹಿಡಿದಿದೆ. ಐದನೇ ಶನಿವಾರ ಬಂದರೆ ಕೆಲಸ ಇದೆ.

ನಾನು ಬರೆದ ತಿರುಳು ಇಷ್ಟೇ:

```python
from datetime import date, timedelta

def is_working(d, cal):
    if d in cal:
        return cal[d] == "on"
    if d.weekday() == 6:
        return False
    if d.weekday() == 5 and (d.day - 1) // 7 in (1, 3):
        return False
    return True

def nth_working(y, m, n, cal):
    d = date(y, m, 1)
    while True:
        if is_working(d, cal):
            n -= 1
            if n == 0:
                return d
        d += timedelta(days=1)
```

`cal` ಅನ್ನುವುದು ಒಂದು ಸಾದಾ ಸಿಎಸ್‌ವಿ ಫೈಲಿನಿಂದ ಓದಿದ ಪಟ್ಟಿ: ತಾರೀಕು, ಪಕ್ಕದಲ್ಲಿ `off` ಅಥವಾ `on`. `on` ಯಾಕೆ ಅಂದರೆ, ಸೀಸನ್ ಟೈಮಲ್ಲಿ ಯಜಮಾನರು ಒಮ್ಮೊಮ್ಮೆ ಎರಡನೇ ಶನಿವಾರವೂ ಆಫೀಸು ತೆಗೆಸುತ್ತಾರೆ. ಆಗ ಕೋಡ್ ಮುಟ್ಟುವುದು ಬೇಡ, ಪಟ್ಟಿಗೆ ಒಂದು ಸಾಲು ಸೇರಿಸಿದರೆ ಸಾಕು. ಪಟ್ಟಿಯಲ್ಲಿದ್ದದ್ದೇ ಮೊದಲು, ವಾರದ ನಿಯಮ ಆಮೇಲೆ. ಈ ಕ್ರಮ ಮುಖ್ಯ.

ಇನ್ನೊಂದು ಸಣ್ಣ ವಿಷಯ ಇದೆ, ಆದರೆ ಇದರಿಂದ ನನ್ನ ನಿದ್ದೆ ಉಳಿದಿದೆ. "ಇವತ್ತು ಮೂರನೇ ಕೆಲಸದ ದಿನವಾದರೆ ಓಡು" ಅಂತ ನಾನು ಬರೆದಿಲ್ಲ. "ಮೂರನೇ ಕೆಲಸದ ದಿನ ಬಂದಾಗಿದೆ, ಈ ತಿಂಗಳದ್ದು ಇನ್ನೂ ಹೋಗಿಲ್ಲ, ಇವತ್ತು ಕೆಲಸದ ದಿನ, ಹಾಗಿದ್ದರೆ ಓಡು" ಅಂತ ಬರೆದಿದ್ದೇನೆ. ಬೆಳಿಗ್ಗೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಮೊದಲನೆಯದು ಆ ತಿಂಗಳು ಬಾಯಿಬಿಡದೆ ಸುಮ್ಮನಿದ್ದುಬಿಡುತ್ತದೆ. ಎರಡನೆಯದು ಮರುದಿನ ಓಡುತ್ತದೆ. ರಿಪೋರ್ಟ್ ಹೋದದ್ದಕ್ಕೆ ಗುರುತಾಗಿ ಡೇಟಾಬೇಸಿನಲ್ಲಿ ಒಂದು ಸಾಲು ಬೀಳುತ್ತದೆ, ಅದಿದ್ದರೆ ಎರಡನೇ ಸಲ ಹೋಗುವುದಿಲ್ಲ.

ದಿನ ಸರಿಹೋಯಿತು ಅಂದ ಮಾತ್ರಕ್ಕೆ ರಿಪೋರ್ಟ್ ಸರಿಹೋಗುವುದಿಲ್ಲ. ಓಡುವ ದಿನ ಜರುಗಿದರೂ ಒಳಗಿನ ಲೆಕ್ಕದ ಅವಧಿ ಅದರ ಜೊತೆ ಜರುಗಬಾರದು. ಬಾಕಿ ಪಟ್ಟಿ ಅಕ್ಟೋಬರ್ 6ಕ್ಕೆ ಓಡಿದರೂ ಲೆಕ್ಕ ಸೆಪ್ಟೆಂಬರ್ 30ರವರೆಗಿನದೇ ಆಗಿರಬೇಕು. ಇದು ಸುಲಭ. ಕಷ್ಟ ಕೊಟ್ಟದ್ದು ವಾರದ ವಸೂಲಿ ರಿಪೋರ್ಟ್. ಅದು ಪ್ರತಿ ಶುಕ್ರವಾರ ಹೋಗುತ್ತದೆ. ಶುಕ್ರವಾರ ರಜೆಯಾದರೆ ಹಿಂದಿನ ಕೆಲಸದ ದಿನವೇ ಹೋಗಬೇಕು ಅಂತ ಯಜಮಾನರ ಕಟ್ಟಪ್ಪಣೆ, ಅವರಿಗೆ ವಾರದ ಕೊನೆಗೆ ಕೈಯಲ್ಲಿ ಲೆಕ್ಕ ಬೇಕು.

2024ರ ಡಿಸೆಂಬರ್ 26, ಗುರುವಾರ ರಾತ್ರಿ ಮಾಜಿ ಪ್ರಧಾನಿ ಮನಮೋಹನ್ ಸಿಂಗ್ ತೀರಿಕೊಂಡರು. 27ರ ಶುಕ್ರವಾರ ರಾಜ್ಯ ಸರ್ಕಾರ ರಜೆ ಘೋಷಿಸಿತು, ನಮ್ಮಲ್ಲೂ ರಜೆ ಕೊಟ್ಟರು. ಹಿಂದಿನ ಕೆಲಸದ ದಿನ ಅಂದರೆ 26, ಅದು ಆಗಲೇ ಮುಗಿದುಹೋಗಿದೆ. 28 ನಾಲ್ಕನೇ ಶನಿವಾರ, 29 ಭಾನುವಾರ. ಹಿಂದಕ್ಕೆ ಹೋಗಲಾಗದಿದ್ದಾಗ ಮುಂದಿನ ಕೆಲಸದ ದಿನ ಅನ್ನುವ ಎರಡನೇ ನಿಯಮ ಇದ್ದದ್ದಕ್ಕೆ ರಿಪೋರ್ಟ್ 30ರ ಸೋಮವಾರ ಬೆಳಿಗ್ಗೆ ಹೋಯಿತು. ಅವತ್ತು ಅದು "ಕಳೆದ ಏಳು ದಿನ" ಅಂತ ಲೆಕ್ಕ ತೆಗೆದಿದ್ದರೆ 23ರಿಂದ 29ರವರೆಗಿನ ವಸೂಲಿ ಮಾತ್ರ ಬರುತ್ತಿತ್ತು. ಹಿಂದಿನ ರಿಪೋರ್ಟ್ ಹೋದದ್ದು 20ರ ಬೆಳಿಗ್ಗೆ, 19ರವರೆಗಿನ ಲೆಕ್ಕದೊಂದಿಗೆ. ಅಂದರೆ 20, 21ರ ವಸೂಲಿ ಯಾವ ರಿಪೋರ್ಟಿಗೂ ಸೇರದೆ ಮಧ್ಯದಲ್ಲೇ ಬಿದ್ದುಹೋಗುತ್ತಿತ್ತು. ನಮ್ಮ ಸ್ಕ್ರಿಪ್ಟ್ ದಿನ ಎಣಿಸುವುದಿಲ್ಲ. ಕಳೆದ ಸಲ ಎಲ್ಲಿಗೆ ನಿಲ್ಲಿಸಿದ್ದೆ ಅಂತ ಬರೆದಿಟ್ಟುಕೊಂಡು ಅದರ ಮರುದಿನದಿಂದ ನಿನ್ನೆಯವರೆಗೆ ತೆಗೆದುಕೊಳ್ಳುತ್ತದೆ. ಆ ಸಲ ಹತ್ತು ದಿನದ ಲೆಕ್ಕ ಬಂತು, ತಲೆಬರಹದಲ್ಲೇ "20-12-2024ರಿಂದ 29-12-2024" ಅಂತ ಇತ್ತು. ನಿಮ್ಮ ರಿಪೋರ್ಟಿನಲ್ಲಿ ಹೀಗೆ ದುಡ್ಡು ಸೋರುತ್ತಿದೆಯೇ ಅಂತ ನೋಡಬೇಕಾದರೆ ತಿಂಗಳ ವಾರದ ರಿಪೋರ್ಟುಗಳ ಮೊತ್ತ ಕೂಡಿ, ಅದೇ ಅವಧಿಯ ಲೆಡ್ಜರ್ ಜೊತೆ ತಾಳೆ ಹಾಕಿ. ವ್ಯತ್ಯಾಸ ಬಂದರೆ ಮೊದಲು ರಜೆ ಇದ್ದ ವಾರವನ್ನೇ ತೆರೆದು ನೋಡಿ.

ಅದೇ ಡಿಸೆಂಬರ್ 11ಕ್ಕೂ ರಜೆ ಇತ್ತು, ಎಸ್.ಎಂ. ಕೃಷ್ಣ ಅವರ ಅಂತ್ಯಕ್ರಿಯೆಯ ದಿನ. ಮದ್ದೂರಿನಲ್ಲಂತೂ ಅವತ್ತು ಅಂಗಡಿ ತೆಗೆಯುವ ಮಾತೇ ಇರಲಿಲ್ಲ. ಇಂಥ ರಜೆಗಳು ಯಾವ ಪಟ್ಟಿಯಲ್ಲೂ ಮೊದಲೇ ಇರುವುದಿಲ್ಲ. ಹಾಗಾಗಿ ಸಿಎಸ್‌ವಿ ಫೈಲನ್ನು ನನ್ನ ಕೈಯಲ್ಲಿ ಇಟ್ಟುಕೊಂಡಿಲ್ಲ. ಹಂಚಿಕೊಂಡ ಶೀಟಿನಲ್ಲಿ ಅಕೌಂಟ್ಸ್ ಮೇಡಂ ರಾತ್ರಿ ಮೊಬೈಲಿನಿಂದಲೇ ಒಂದು ಸಾಲು ಹಾಕುತ್ತಾರೆ, ಸ್ಕ್ರಿಪ್ಟ್ ಬೆಳಿಗ್ಗೆ ಅದನ್ನು ಓದುತ್ತದೆ. ಚಂದ್ರ ಕಂಡ ಮೇಲೆ ರಂಜಾನ್, ಬಕ್ರೀದ್ ಒಂದು ದಿನ ಆಚೀಚೆ ಆದರೂ ಇದೇ ದಾರಿ.

ಒಂದೇ ಪಟ್ಟಿ ಸಾಕಾಗುವುದಿಲ್ಲ ಅನ್ನುವುದು ನಿಧಾನಕ್ಕೆ ಅರ್ಥವಾಯಿತು. ಸರ್ಕಾರ ರಜೆ ಅಂದ ಮಾತ್ರಕ್ಕೆ ಬ್ಯಾಂಕಿಗೂ ರಜೆ ಅಂತಲ್ಲ, ಅದಕ್ಕೆ ಚೆಕ್ಕುಗಳ ಕಾನೂನಾದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್ ಅಡಿಯಲ್ಲಿ ಘೋಷಣೆ ಆಗಬೇಕು. ಏಪ್ರಿಲ್ 1 ಇದಕ್ಕೆ ಉಲ್ಟಾ: ಬ್ಯಾಂಕುಗಳಿಗೆ ವರ್ಷದ ಲೆಕ್ಕ ಮುಗಿಸುವ ರಜೆ, ನಮ್ಮ ಆಫೀಸು ತೆರೆದಿರುತ್ತದೆ. ಚೆಕ್ ಜಮೆಯ ರಿಪೋರ್ಟಿಗೆ ಬ್ಯಾಂಕಿನ ಪಟ್ಟಿ, ಉಳಿದದ್ದಕ್ಕೆ ಆಫೀಸಿನ ಪಟ್ಟಿ. ಕುಶಾಲನಗರ ಕೊಡಗು ಜಿಲ್ಲೆ. ಕೈಲ್‌ಪೊಳ್ದ್, ತುಲಾ ಸಂಕ್ರಮಣ, ಹುತ್ತರಿ ರಜೆಗಳು ಆ ಜಿಲ್ಲೆಗೆ ಮಾತ್ರ, ಮಂಡ್ಯದ ಗೋಡೆ ಕ್ಯಾಲೆಂಡರಿನಲ್ಲಿ ಅವು ಕೆಂಪು ಆಗಿರುವುದಿಲ್ಲ. ಆ ಮಳಿಗೆಯ ಬಿಲ್ಲಿಗೆ ಗಡುವು ಎಣಿಸುವಾಗ ಮಂಡ್ಯ, ಕುಶಾಲನಗರ ಎರಡೂ ತೆರೆದಿದ್ದ ದಿನವನ್ನು ಮಾತ್ರ ಎಣಿಸುತ್ತೇವೆ. ಒಂದು ದಿನ ತಡವಾದರೆ ಅವರ ಪಟ್ಟಿ ಮಾತ್ರ ಬೇರೆಯಾಗಿ ಮರುದಿನ ಹೋಗುತ್ತದೆ. ಎಲ್ಲರನ್ನೂ ಕಾಯಿಸುವುದಕ್ಕಿಂತ ಇದು ವಾಸಿ.

ಸರ್ಕಾರಿ ರಜೆ ಪಟ್ಟಿ ಬಂದ ಮೇಲೆ ಮುಂದಿನ ವರ್ಷದ ಸಾಲುಗಳನ್ನು ತುಂಬುತ್ತೇವೆ. ಭಾನುವಾರಕ್ಕೋ ಎರಡನೇ, ನಾಲ್ಕನೇ ಶನಿವಾರಕ್ಕೋ ಬೀಳುವ ಹಬ್ಬಗಳು ಆ ಪಟ್ಟಿಯಲ್ಲಿ ಇರುವುದಿಲ್ಲ, ಮರೆತಿದ್ದಾರೆ ಅಂದುಕೊಳ್ಳಬೇಡಿ. ತುಂಬಿದ ಮೇಲೆ ಹನ್ನೆರಡು ತಿಂಗಳ ಮೂರನೇ ಕೆಲಸದ ದಿನಗಳನ್ನು ಪ್ರಿಂಟ್ ತೆಗೆದು ಮೇಡಂ ಟೇಬಲ್ ಮೇಲೆ ಇಡುತ್ತೇನೆ. ಅವರು ಗೋಡೆ ಕ್ಯಾಲೆಂಡರ್ ನೋಡಿ ಬೆರಳಲ್ಲಿ ಎಣಿಸಿ ಟಿಕ್ ಹಾಕುತ್ತಾರೆ. ಕೋಡ್ ಓದಲು ಬಾರದವರು ಹಾಕಿದ ಟಿಕ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಡಿಸೆಂಬರ್ 15ರ ನಂತರವೂ ಮುಂದಿನ ವರ್ಷದ ಸಾಲುಗಳು ಹತ್ತಕ್ಕಿಂತ ಕಮ್ಮಿ ಇದ್ದರೆ ಸ್ಕ್ರಿಪ್ಟ್ ದಿನಾ ನನಗೆ ಮೇಲ್ ಹಾಕುತ್ತದೆ. ಜನವರಿಗೂ ತುಂಬದಿದ್ದರೆ ಓಡಲು ಒಪ್ಪುವುದೇ ಇಲ್ಲ. ಇದು ಅತಿಯಾಯಿತು ಅಂತ ಕೆಲವರು ಅಂದರು. ಆದರೆ ಲೆಕ್ಕ ಹಾಕಿ ನೋಡಿ: 2025ರ ಪಟ್ಟಿ ಪೂರ್ತಿ ಖಾಲಿ ಇದ್ದಿದ್ದರೂ ಜನವರಿಯಿಂದ ಏಪ್ರಿಲ್‌ವರೆಗೆ ಬಾಕಿ ಪಟ್ಟಿ ಸರಿಯಾದ ದಿನವೇ ಹೋಗುತ್ತಿತ್ತು, ಆ ತಿಂಗಳುಗಳ ಮೊದಲ ದಿನಗಳಲ್ಲಿ ನಮಗೆ ರಜೆಯೇ ಇರಲಿಲ್ಲ. ಖಾಲಿ ಪಟ್ಟಿ ಬಯಲಾಗುತ್ತಿದ್ದದ್ದು ಮೇ ತಿಂಗಳಲ್ಲಿ. ಕಾರ್ಮಿಕ ದಿನಾಚರಣೆ ಗೊತ್ತಿಲ್ಲದ ಸ್ಕ್ರಿಪ್ಟ್ ಶನಿವಾರ 3ಕ್ಕೇ ಪಟ್ಟಿ ಕಳಿಸಿಬಿಡುತ್ತಿತ್ತು, ಕಳಿಸಬೇಕಾದದ್ದು ಸೋಮವಾರ 5ಕ್ಕೆ.