ಮಲಗಿದರೆ ಮಾಯವಾಗುವ ಗಂಟು

ಹಮಾಲಿ ಕೆಲಸ ಮಾಡುವ ನಲವತ್ತು ದಾಟಿದ ಒಬ್ಬರು ಬೆಳಿಗ್ಗೆ ಎಂಟೂವರೆಗೆ ನನ್ನ ಸ್ಕ್ಯಾನ್ ಕೋಣೆಗೆ ಬಂದಿದ್ದರು. ಬಲ ತೊಡೆಸಂದಿನಲ್ಲಿ ಗಂಟು ಅಂತ ಚೀಟಿಯಲ್ಲಿತ್ತು. ಮೇಜಿನ ಮೇಲೆ ಮಲಗಿಸಿ, ಜೆಲ್ ಹಚ್ಚಿ ನೋಡಿದೆ. ಏನೂ ಕಾಣಲಿಲ್ಲ. ಒಂದು ಸಲ ಕೆಮ್ಮಿಸಿದೆ. ಆಗಲೂ ಇಲ್ಲ. 'ಮೇಡಂ, ಈಗ ಇರಲ್ಲ, ಮೂಟೆ ಹೊತ್ತ ಮೇಲೆ ಸಂಜೆಗೆ ಬರುತ್ತೆ' ಅಂದರು. ಅವರು ಉತ್ತರವನ್ನೇ ಹೇಳಿಬಿಟ್ಟಿದ್ದರು. ನಾನು ಹೂಂ ಅಂದು 'ಹರ್ನಿಯಾ ಇಲ್ಲ' ಎಂದು ಬರೆದು ಕಳಿಸಿದೆ.

ಎರಡು ವಾರಕ್ಕೆ ಸರ್ಜನ್ ಫೋನ್ ಮಾಡಿದರು. 'ನನ್ನ ಮುಂದೆ ನಿಂತಿದ್ದಾರೆ, ನಿಂಬೆಹಣ್ಣಿನಷ್ಟು ದಪ್ಪ ಇದೆ, ಕಳಿಸಲಾ?' ಅಂದರು. ಅದೇ ಸಂಜೆ ಕೆಲಸ ಮುಗಿಸಿಕೊಂಡು ಬಂದವರನ್ನು ನಿಲ್ಲಿಸಿಯೇ ನೋಡಿದೆ. ಸ್ಕ್ಯಾನ್ ಯಂತ್ರದ ಹಿಡಿಕೆ, ಅಂದರೆ ಪ್ರೋಬ್ ಇಟ್ಟ ಕೂಡಲೇ ಹರ್ನಿಯಾ ಕಂಡಿತು.

ಇದರಲ್ಲಿ ಯಂತ್ರದ ತಪ್ಪೇನೂ ಇರಲಿಲ್ಲ. ಮಲಗಿದಾಗ ಕರುಳು, ಕೊಬ್ಬು ಎಲ್ಲ ಬೆನ್ನಿನ ಕಡೆಗೆ ಜಾರುತ್ತವೆ. ತೊಡೆಸಂದಿನ ಮೇಲೆ ಭಾರ ಇರುವುದಿಲ್ಲ. ಹೊರಗೆ ಬಂದಿದ್ದು ತಾನಾಗೇ ಒಳಗೆ ಹೋಗುತ್ತದೆ. ಉಳಿಯುವುದು ಖಾಲಿ ಚೀಲ. ಅದರ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಸ್ಕ್ಯಾನ್‌ನಲ್ಲಿ ಗುರುತು ಹಿಡಿಯುವುದೇ ಕಷ್ಟ. ನಿಂತರೆ ಹೊಟ್ಟೆಯೊಳಗಿನದರ ಭಾರವೆಲ್ಲ ಕೆಳಗೆ ಬೀಳುತ್ತದೆ. ತಿಣುಕಿದರೆ ವಪೆ ಕೆಳಗಿಳಿದು, ಹೊಟ್ಟೆಯ ಸ್ನಾಯು ಬಿಗಿದು, ಒಳಗಿನ ಒತ್ತಡ ಎಲ್ಲ ಕಡೆಗೂ ಏರುತ್ತದೆ. ಗೋಡೆ ಎಲ್ಲಿ ಸಡಿಲವೋ ಅಲ್ಲಿ ಉಬ್ಬುತ್ತದೆ.

ನನ್ನ ಇನ್ನೊಂದು ತಪ್ಪು ಕೆಮ್ಮಿಸಿದ್ದು. ಕೆಮ್ಮು ಕ್ಷಣದಲ್ಲಿ ಮುಗಿಯುತ್ತದೆ. ತೆರೆಯ ಮೇಲೆ ಎಲ್ಲವೂ ಒಮ್ಮೆಲೇ ಕುಲುಕುತ್ತದೆ, ಏನು ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ. ಈಗ ನಾನು ನಿಧಾನಕ್ಕೆ ತಿಣುಕಿಸುತ್ತೇನೆ. ಆದರೆ 'ತಿಣುಕಿ' ಅಂದರೆ ಜನ ನಾಚಿಕೊಂಡು ಸುಮ್ನೆ ಉಸಿರು ಹಿಡಿಯುತ್ತಾರೆ. ಅದಕ್ಕೆ, 'ಮುಂಗೈ ಬಾಯಿಗೆ ಒತ್ತಿಕೊಂಡು ಬಲೂನ್ ಊದಿದ ಹಾಗೆ ಊದಿ, ಗಾಳಿ ಮಾತ್ರ ಹೊರಗೆ ಬಿಡಬೇಡಿ' ಅನ್ನುತ್ತೇನೆ. ನಿಜವಾಗಿ ತಿಣುಕಿದರೋ ಇಲ್ಲವೋ ಅಂತ ತಿಳಿಯಲು ತೊಡೆಯ ದೊಡ್ಡ ಸಿರೆಯ ಮೇಲೆ ಒಂದು ಕಣ್ಣು ಇಟ್ಟಿರುತ್ತೇನೆ. ಹೊಟ್ಟೆಯ ಒತ್ತಡ ಏರಿದಾಗ ಕಾಲಿನ ರಕ್ತ ಮೇಲೆ ಹೋಗಲಾರದೆ ಆ ಸಿರೆ ಉಬ್ಬಬೇಕು. ಉಬ್ಬದಿದ್ದರೆ ಸಾಮಾನ್ಯವಾಗಿ ತಿಣುಕಿದ್ದು ಸಾಲಲಿಲ್ಲ ಎಂದೇ ಅರ್ಥ. ಇನ್ನೊಮ್ಮೆ ಊದಿಸುತ್ತೇನೆ.

ಅಷ್ಟೇ ಮುಖ್ಯವಾದದ್ದು ನನ್ನ ಕೈ. ಚಿತ್ರ ಚೆನ್ನಾಗಿ ಬರಲಿ ಅಂತ ಪ್ರೋಬ್ ಒತ್ತುವುದು ನಮಗೆಲ್ಲ ಅಭ್ಯಾಸ. ಇಲ್ಲಿ ಹಾಗೆ ಒತ್ತಿದರೆ ಹೊರಬರುವ ಹರ್ನಿಯಾವನ್ನು ನಾವೇ ಬಾಗಿಲಲ್ಲಿ ತಡೆದ ಹಾಗೆ. ಜೆಲ್ ಧಾರಾಳವಾಗಿ ಹಾಕಿ, ಪ್ರೋಬ್ ಚರ್ಮದ ಮೇಲೆ ತೇಲುವಂತೆ ಹಿಡಿಯಬೇಕು.

ಆ ಹಮಾಲಿಯವರ ಸ್ಕ್ಯಾನ್ ಹೇಗೆ ಮಾಡಿದೆ ಅಂತ ಹೇಳುತ್ತೇನೆ. ಮೊದಲು ಹೊಕ್ಕುಳಿನ ಕೆಳಗೆ, ಮಧ್ಯದ ಉದ್ದ ಸ್ನಾಯುವಿನ ಹಿಂದೆ ಒಂದು ಸಣ್ಣ ರಕ್ತನಾಳ ಹುಡುಕಿದೆ. ನಾವು ಅದನ್ನು ಇನ್ಫೀರಿಯರ್ ಎಪಿಗ್ಯಾಸ್ಟ್ರಿಕ್ ಅನ್ನುತ್ತೇವೆ. ಅದರ ಜಾಡು ಹಿಡಿದು ಕೆಳಗೆ ಬಂದರೆ ಅದು ಕಾಲಿಗೆ ಹೋಗುವ ದೊಡ್ಡ ರಕ್ತನಾಳಕ್ಕೆ ಸೇರುವ ಜಾಗ ಸಿಗುತ್ತದೆ. ಇದೇ ನನ್ನ ಮೈಲಿಗಲ್ಲು. ಇದರ ಹೊರಬದಿಯಿಂದ, ಅಂದರೆ ಸೊಂಟದ ಮೂಳೆಯ ಕಡೆಯಿಂದ ಹೊರಟು ಕಾಲುವೆಯಂಥ ದಾರಿಯಲ್ಲಿ ಓರೆಯಾಗಿ ಇಳಿದರೆ ಅದು ಇಂಡೈರೆಕ್ಟ್ ಹರ್ನಿಯಾ. ಒಳಬದಿಯಿಂದ ನೇರವಾಗಿ ಪ್ರೋಬ್ ಕಡೆಗೇ ಉಬ್ಬಿ ಬಂದರೆ ಡೈರೆಕ್ಟ್. ಇವರದು ಹೊರಬದಿಯದು. ತಿಣುಕಿದಾಗ ಬೂದು ಬಣ್ಣದ ಕೊಬ್ಬಿನ ನಾಲಿಗೆಯೊಂದು ಜಾರಿ ಬಂತು, ಅದರ ಹಿಂದೆಯೇ ಹೊಳೆಯುವ ಗಾಳಿ ತುಂಬಿದ ಕರುಳಿನ ಸುರುಳಿ. ಉಸಿರು ಬಿಟ್ಟಾಗ ಸ್ವಲ್ಪ ಹಿಂದಕ್ಕೆ ಸರಿಯಿತು. ಮಲಗಿಸಿ ಮೆಲ್ಲಗೆ ಒತ್ತಿದೆ, ಪೂರ್ತಿ ಒಳಗೆ ಹೋಯಿತು.

ಕರುಳು ಕಂಡರೆ ಅನುಮಾನವಿಲ್ಲ. ಬರೀ ಕೊಬ್ಬು ಮಾತ್ರ ಇದ್ದರೆ ಎಚ್ಚರ ಬೇಕು. ವೀರ್ಯನಾಳದ ಜೊತೆಗಿರುವ ಕೊಬ್ಬಿನ ಗಂಟು ಕೂಡ ತಿಣುಕಿದಾಗ ಅಲ್ಪ ಸ್ವಲ್ಪ ಜಾರುತ್ತದೆ. ಅದಕ್ಕೇ ಜಾರಿತೇ ಅನ್ನುವುದನ್ನಷ್ಟೇ ನೋಡಿದರೆ ಸಾಲದು. ಹೊಟ್ಟೆಯ ಒಳಗಿನಿಂದ ಕುತ್ತಿಗೆಯಂಥ ಕಿರಿದಾದ ದಾರಿಯೊಂದು ಅದಕ್ಕೆ ಸೇರಿದೆಯೇ, ತಿಣುಕಿದಾಗ ಅದು ಅಗಲವಾಗುತ್ತದೆಯೇ ನೋಡಬೇಕು.

ಇದಾದ ಮೇಲೆ, ಮಲಗಿದರೆ ಹೋಗುವುದು, ತಿಣುಕಿದರೆ ಬರುವುದು ಎಲ್ಲ ಹರ್ನಿಯಾ ಅಂತ ನಂಬಿಕೊಂಡಿದ್ದೆ. ಅದನ್ನು ಬಿಡಿಸಿದವರು ಒಬ್ಬ ಶಿಕ್ಷಕಿ. ದಿನವಿಡೀ ನಿಂತು ಪಾಠ ಮಾಡುವವರು. ಎಡ ತೊಡೆಯ ಮೇಲ್ಭಾಗದಲ್ಲಿ ಮೆತ್ತನೆ ಗಂಟು, ಕೆಮ್ಮಿದರೆ ಕೈಗೆ ತಾಗುತ್ತಿತ್ತು, ಮಲಗಿದರೆ ಇರುತ್ತಿರಲಿಲ್ಲ. ಚೀಟಿಯಲ್ಲಿ ಫೆಮೊರಲ್ ಹರ್ನಿಯಾ, ಅಂದರೆ ತೊಡೆಯ ಸಿರೆಯ ಪಕ್ಕದಿಂದ ಇಳಿಯುವ ಹರ್ನಿಯಾ ಅಂತಲೇ ಬರೆದಿತ್ತು. ನಿಲ್ಲಿಸಿ ನೋಡಿದಾಗ ಕಂಡಿದ್ದು ಕಪ್ಪಗಿನ ಚೀಲ. ಪ್ರೋಬ್ ಸ್ವಲ್ಪ ಒತ್ತಿದರೆ ಪೂರ್ತಿ ಚಪ್ಪಟೆ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿ ಊದಿಸಿದೆ. ಮೇಲಕ್ಕೆ ಹೋಗಬೇಕಾದ ರಕ್ತ ಕೆಳಗೆ ನುಗ್ಗಿ ಚೀಲವೆಲ್ಲ ಬಣ್ಣ ತುಂಬಿತು. ಹಿಂದಕ್ಕೆ ಹರಿಯುವುದು ಅರ್ಧ ಸೆಕೆಂಡು ಮೀರಿದರೆ ಸರಿಯಲ್ಲ ಅಂತ ಲೆಕ್ಕ. ಇವರದು ಊದುವಷ್ಟು ಹೊತ್ತೂ ಹರಿಯಿತು. ಅದು ಸಿರೆ. ಕಾಲಿನ ಉದ್ದ ಸಿರೆ ತೊಡೆಯ ದೊಡ್ಡ ಸಿರೆಗೆ ಸೇರುವಲ್ಲಿ ಕವಾಟ ಕೆಟ್ಟು ಊದಿಕೊಂಡಿತ್ತು. ಮಲಗಿದಾಗ ಸಿರೆ ಬರಿದಾಗುತ್ತದೆ, ತಿಣುಕಿದಾಗ ತುಂಬುತ್ತದೆ. ಕೈಗೆ ಹರ್ನಿಯಾ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ ಅಲ್ವಾ? ಸೀರೆ ಸ್ವಲ್ಪ ಮೇಲೆತ್ತಲು ಹೇಳಿದಾಗ ಮೊಣಕಾಲಿನ ಕೆಳಗೆ ಉಬ್ಬಿದ ಸಿರೆಗಳೂ ಕಂಡವು. ಅದನ್ನು ಮೊದಲೇ ನೋಡಬೇಕಿತ್ತು.

ಇದರ ತಿರುವುಮುರುವು ಇನ್ನೂ ಅಪಾಯದ್ದು. ಎಪ್ಪತ್ತು ದಾಟಿದ ಒಬ್ಬ ಅಜ್ಜಿಯನ್ನು ಮಗ ಕರೆತಂದಿದ್ದ. ಬಲ ತೊಡೆಸಂದಿನಲ್ಲಿ ಎರಡು ಸೆಂಟಿಮೀಟರ್ ಗಂಟು, ಮೂರು ದಿನದಿಂದ ನೋವು. ಮಲಗಿದರೂ ಹೋಗಲಿಲ್ಲ, ಊದಿಸಿದರೂ ಅಲುಗಲಿಲ್ಲ. ಹೀಗಿದ್ದರೆ ಮೊದಲು ನೆನಪಾಗುವುದು ದುಗ್ಧಗ್ರಂಥಿ. ಆದರೆ ಮಾಮೂಲಿ ದುಗ್ಧಗ್ರಂಥಿ ಹುರುಳಿಬೀಜದ ಆಕಾರದಲ್ಲಿದ್ದು, ನಡುವೆ ಬಿಳಿ ಕೊಬ್ಬಿನ ಗೆರೆ ಇರುತ್ತದೆ, ಅಲ್ಲಿಂದಲೇ ರಕ್ತನಾಳ ಒಳಗೆ ಹೋಗುತ್ತದೆ. ಇಲ್ಲಿ ಆ ಗೆರೆ ಇಲ್ಲ. ಚೀಲದೊಳಗೆ ತೆಳು ನೀರು, ದಪ್ಪ ಗೋಡೆಯ ಕರುಳಿನ ಚೂರು. ಪ್ರೋಬ್ ತಿರುಗಿಸುತ್ತಾ ಹೋದಾಗ ತೊಡೆಯ ಸಿರೆಯ ಒಳಬದಿಯಲ್ಲೇ ಒಂದು ಸಪೂರ ಕುತ್ತಿಗೆ ಹೊಟ್ಟೆಯ ಕಡೆಗೆ ಹೋಗಿತ್ತು. ಇದು ನಿಜವಾದ ಫೆಮೊರಲ್ ಹರ್ನಿಯಾ. ಇದರ ಬಾಗಿಲು ಕಿರಿದು, ಅಂಚು ಬಿರುಸು. ನುಗ್ಗಿದ್ದು ಹಿಂದೆ ಬರಲಾರದೆ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಮಲಗಿದರೂ ತಿಣುಕಿದರೂ ಬದಲಾಗಲಿಲ್ಲ.

'ವಾಂತಿ ಆಗಿದೆಯಾ ಅಜ್ಜಿ?' ಅಂತ ಕೇಳಿದೆ. 'ನಿನ್ನೆಯಿಂದ ಏನೂ ನಿಲ್ಲುತ್ತಿಲ್ಲಮ್ಮ' ಅಂದರು. ಹೊಟ್ಟೆಯ ಮೇಲೆ ಪ್ರೋಬ್ ಇಟ್ಟರೆ ಕರುಳಿನ ಸುರುಳಿಗಳು ಉಬ್ಬಿದ್ದವು. ಇಂಥವರನ್ನು ಒತ್ತಿ ಒಳಗೆ ಕಳಿಸಲು ಹೋಗಬಾರದು, ಇನ್ನಷ್ಟು ಊದಿಸಲೂಬಾರದು. ರಿಪೋರ್ಟ್ ಟೈಪ್ ಆಗುವ ಮೊದಲೇ ಸರ್ಜನ್‌ಗೆ ಫೋನ್ ಮಾಡಿ, ಮಗನ ಕೈಗೆ ಚೀಟಿ ಬರೆದುಕೊಟ್ಟೆ. ಅಜ್ಜಿಗೆ ಅಂದು ರಾತ್ರಿಯೇ ಆಪರೇಷನ್ ಆಯಿತು.